ವಿಷೂಚಿಕೆಯೂ ಅದರ ಜಲಮಾರ್ಗವೂ

ಜನರು ವಾಂತಿಭೇದಿಯೆಂದು ಕರೆಯುವ ಕಾಲರಾ ರೋಗಕ್ಕೆ ನಮ್ಮ ವೈದ್ಯಗ್ರಂಥಗಳಲ್ಲಿರುವ ವಿಷೂಚಿಕೆ ಎಂಬ ಹೆಸರನ್ನು ಹೇಳುವುದು ರೂಢಿಯಾಗಿದೆ. ಸೂಜಿಗಳಿಂದ ಚುಚ್ಚಿದಂತೆ ಅಂಗಾಂಗಗಳಲ್ಲಿ ವೇದನೆಯುಂಟಾಗುವುದರಿಂದ ಈ ಹೆಸರು ಬಂದಿತೆಂದು ಸುಶ್ರುತಸಂಹಿತೆಯ ಅಭಿಪ್ರಾಯ. ಆದರೆ ಲಕ್ಷಣಸಾಮ್ಯವೊಂದರಿಂದಲೇ ಎರಡೂ ಒಂದೇ ವ್ಯಾಧಿಯೆಂದು ನಿರ್ಣಯಿಸಲಾಗದು. ಕಾಲರಾ ಎಂಬುದು ವಿಬ್ರಿಯೊ ಕಾಲರೆ ಎಂಬ ನಿಯತವಾದ ಸೂಕ್ಷ್ಮಜೀವಿಯಿಂದಲೇ ಉಂಟಾಗತಕ್ಕುದು. ಈ ಜೀವಿಯು ಕರುಳನ್ನು ಕೊರೆದು ರಕ್ತವನ್ನು ಸೇರುವುದಿಲ್ಲ. ಕರುಳಿನ ಒಳಮೈಗೆ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಹೀಗಿದ್ದರೂ ದೃಢಕಾಯನನ್ನು ಕೆಲವೇ ಗಂಟೆಗಳಲ್ಲಿ ಮರಣಸಮೀಪಕ್ಕೆ ಒಯ್ಯುವುದು ಹೇಗೆಂಬುದು ವಿಚಾರಾರ್ಹವಾಗಿದೆ.

ಇದಕ್ಕೆ ಮುಖ್ಯವಾದ ಸಮಾಧಾನವನ್ನು ಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ ಅವರು. ಅವರು ಮೊಲದ ಕರುಳಿನ ಒಂದು ಭಾಗವನ್ನು ಎರಡು ಕಡೆಯೂ ಕಟ್ಟಿ, ಜೀವಿಗಳನ್ನು ಶೋಧಿಸಿ ತೆಗೆದುಹಾಕಿದ ದ್ರವವನ್ನು ಮಾತ್ರ ಅದರೊಳಗೆ ಸೇರಿಸಿದರು. ಜೀವಿಯೊಂದೂ ಇಲ್ಲದಿದ್ದರೂ ಆ ಭಾಗವು ನೀರಿನಿಂದ ಉಬ್ಬಿತು. ರೋಗವನ್ನುಂಟುಮಾಡುವುದು ಜೀವಿಯು ಸ್ರವಿಸುವ ವಿಷವೆಂಬುದು 1959ರಲ್ಲಿ ಅವರು ಪ್ರಕಟಿಸಿದ ಈ ಪ್ರಯೋಗದಿಂದ ಸಿದ್ಧವಾಯಿತು.

ಆ ವಿಷದಲ್ಲಿ ಎರಡು ಅಂಗಗಳುಂಟು. ಐದು ತುಣುಕುಗಳಿಂದಾದ ಒಂದಂಗವು ಕರುಳಿನ ಜೀವಕೋಶದ ಹೊರಮೈಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಒಳಹೊಕ್ಕು ಕೆಲಸಮಾಡುತ್ತದೆ. ಕೋಶದೊಳಗೆ ಲವಣಸ್ರಾವವನ್ನು ಪ್ರೇರಿಸಿ, ಕಾರ್ಯವಾದ ಕೂಡಲೇ ತಾನಾಗಿ ನಿಲ್ಲುವ ಒಂದು ಪ್ರೋಟೀನಿದೆ. ವಿಷವು ಅದಕ್ಕೆ ಒಂದು ರಾಸಾಯನಿಕ ಗುರುತನ್ನು ಅಂಟಿಸಿ, ನಿಲ್ಲುವ ಶಕ್ತಿಯನ್ನೇ ಅಪಹರಿಸುತ್ತದೆ. ಆಗ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶದ್ರವ್ಯವು ಮಿತಿಮೀರಿ ಹೆಚ್ಚುತ್ತದೆ. ಕ್ಲೋರೈಡಿನ ದ್ವಾರವು ತೆರೆದೇ ಉಳಿಯುತ್ತದೆ. ಸೋಡಿಯಂ ಅದನ್ನು ಹಿಂಬಾಲಿಸುತ್ತದೆ. ಲವಣವಿದ್ದೆಡೆಗೆ ನೀರು ಹರಿಯುತ್ತದೆ. ಸಾಮಾನ್ಯವಾಗಿ ಹೀರಲ್ಪಡಬೇಕಾದ ಉಪ್ಪಿಗೂ ಇದರಿಂದ ತಡೆಯುಂಟಾಗುತ್ತದೆ. ಕೋಶವು ಸಾಯುವುದಿಲ್ಲ, ವ್ರಣವಿಲ್ಲ, ಆದುದರಿಂದ ಮಲದಲ್ಲಿ ರಕ್ತವೂ ಇರುವುದಿಲ್ಲ. ಅಕ್ಕಚ್ಚಿನಂತೆ ಮಸುಕಾದ ನೀರು ತೀವ್ರಾವಸ್ಥೆಯಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಕಣ್ಣು ಗುಳಿಬೀಳುತ್ತದೆ, ನಾಡಿಯು ಕ್ಷೀಣಿಸುತ್ತದೆ, ಸ್ನಾಯುಗಳು ಸೆಡೆಯುತ್ತವೆ. ಕೊಲ್ಲುವುದು ಬಹುಮಟ್ಟಿಗೆ ಈ ಜಲಲವಣನಾಶವೇ.

ಒಂದು ದ್ವಾರ ತೆರೆದಿದ್ದರೂ ಸಕ್ಕರೆಯೊಡನೆ ಉಪ್ಪನ್ನು ಒಳಗೆ ಸೆಳೆಯುವ ಮತ್ತೊಂದು ದ್ವಾರವನ್ನು ವಿಷವು ಕೆಡಿಸಲಾರದು. ಸಕ್ಕರೆ ಮತ್ತು ಉಪ್ಪು ಸೇರಿದ ನೀರನ್ನು ಕುಡಿಸಿ ಬದುಕಿಸುವುದಕ್ಕೆ ಇದೇ ಆಧಾರ. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲಾನಬಿಸ್ ಅವರು ಇದನ್ನು ವ್ಯಾಪಕವಾಗಿ ಪ್ರಯೋಗಿಸಿದರು.

ಈ ಹರಿವೇ ರೋಗದ ವಾಹನವೂ ಆಗಿದೆ. ಹೊರಬಂದ ಒಂದೊಂದು ಲೀಟರು ನೀರಿನಲ್ಲಿಯೂ ಕೋಟ್ಯಂತರ ಜೀವಿಗಳಿರುತ್ತವೆ. ರೋಗವು ಕರುಳಿನಲ್ಲಿಯೇ ಆರಂಭವಾಗುವುದರಿಂದ ಅದರ ಬೀಜವು ಬಾಯಿಯ ಮೂಲಕವೇ ಒಳಹೊಕ್ಕಿರಬೇಕೆಂದು, ದುರ್ಗಂಧವಾಯುವೇ ಕಾರಣವೆಂದು ಪಂಡಿತರು ನಂಬಿದ್ದ ಕಾಲದಲ್ಲಿ, ಲಂಡನ್ನಿನ ವೈದ್ಯ ಜಾನ್ ಸ್ನೋ ತರ್ಕಿಸಿದನು. 1854ನೆಯ ಆಗಸ್ಟ್ ಅಂತ್ಯದಲ್ಲಿ ಬ್ರಾಡ್ ಬೀದಿಯ ಸುತ್ತ ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಮೃತರಾದಾಗ ಆ ತರ್ಕಕ್ಕೆ ಪರೀಕ್ಷೆ ಒದಗಿತು. ಮೃತರ ಮನೆಗಳು ಅಲ್ಲಿನ ಪಂಪಿನ ಸುತ್ತಲೇ ಇದ್ದವು. ಸಮೀಪದ ಮದ್ಯಶಾಲೆಯ ಕೆಲಸಗಾರರು ಆ ನೀರನ್ನು ಕುಡಿಯುತ್ತಿರಲಿಲ್ಲ. ಅವರಲ್ಲಿ ಒಬ್ಬರೂ ಸಾಯಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬಳು ಆ ನೀರಿನ ರುಚಿಯನ್ನು ಮೆಚ್ಚಿ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಆ ಊರಿನಲ್ಲಿ ರೋಗವಿಲ್ಲದಿದ್ದರೂ ಅವಳು ಸತ್ತಳು. ವಾಯುವೇ ಕಾರಣವಾಗಿದ್ದಲ್ಲಿ ಈ ಎರಡು ಸಂಗತಿಗಳೂ ಉಪಪನ್ನವಾಗಲಾರವು. ಅನ್ವಯವೂ ವ್ಯತಿರೇಕವೂ ನೀರನ್ನೇ ತೋರಿಸಿದವು.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಯಲಾಯಿತು. ಆ ವೇಳೆಗೆ ರೋಗವು ತಾನಾಗಿಯೇ ಇಳಿಯುತ್ತಿದ್ದುದರಿಂದ ಅದೊಂದರಿಂದಲೇ ನಿಂತಿತೆನ್ನಲಾಗದೆಂದು ಸ್ನೋ ಸ್ವತಃ ಒಪ್ಪಿದನು. ಮೂಲಕಾರಣವನ್ನು ಕಂಡುಹಿಡಿದವನು ಪಾದ್ರಿಯಾದ ಹೆನ್ರಿ ವೈಟ್‌ಹೆಡ್. ಪಂಪಿನ ಬಳಿಯ 40ನೆಯ ಮನೆಯ ಶಿಶುವೊಂದಕ್ಕೆ ಮೊದಲೇ ಭೇದಿಯಾಗಿತ್ತು; ಅದರ ಬಟ್ಟೆ ಒಗೆದ ನೀರನ್ನು ಮನೆಯ ಮಲಗುಂಡಿಗೆ ಸುರಿಯಲಾಗಿತ್ತು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆ ಶಿಥಿಲವಾಗಿ, ಮೂರು ಅಡಿಗಿಂತಲೂ ಕಡಮೆ ದೂರದಲ್ಲಿದ್ದ ಬಾವಿಗೆ ಅದು ಸೋರುತ್ತಿತ್ತು.

ನೀರಿನ ತಿಳಿಯಾಗಲಿ ರುಚಿಯಾಗಲಿ ಅದರ ಶುದ್ಧಿಗೆ ಪ್ರಮಾಣವಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಮತ್ತೊಂದು ಅಂಶವನ್ನೂ ಗಮನಿಸತಕ್ಕುದು. ಜಠರದ ಆಮ್ಲವು ಬಹುಪಾಲು ಜೀವಿಗಳನ್ನು ಕೊಲ್ಲುವುದರಿಂದ ಆರೋಗ್ಯವಂತನಿಗೆ ರೋಗ ತಗುಲಲು ಸಾಮಾನ್ಯವಾಗಿ ಅವು ಬಹುಸಂಖ್ಯೆಯಲ್ಲಿ ಬೇಕು. ಅಷ್ಟನ್ನು ಒಮ್ಮೆಗೇ ಒದಗಿಸಬಲ್ಲುದು ಮಲದಿಂದ ಕೆಟ್ಟ ನೀರು ಅಥವಾ ಆಹಾರ. ಸೋಂಕು ತಗುಲಿದವರಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣಿಸದೆ ಕೆಲವು ದಿನ ಮಲದಲ್ಲಿ ಜೀವಿಗಳು ಹೋಗುತ್ತಿರುತ್ತವೆ. ಆದಕಾರಣ ರೋಗಿಯನ್ನು ಮಾತ್ರ ದೂರವಿಡುವುದರಿಂದ ಪ್ರಯೋಜನವು ಅಲ್ಪವೇ. ಮಲಗುಂಡಿಗೂ ಬಾವಿಗೂ ನಡುವಣ ಸಂಬಂಧವನ್ನು ಕಡಿಯಬೇಕು, ಅದಾಗುವವರೆಗೆ ನೀರನ್ನು ಕುದಿಸಿಯೇ ಕುಡಿಯಬೇಕು.