ಏಳೂ ಹತ್ತಕ್ಕೆ ಮುಚ್ಚುವ ಕೌಂಟರ್

ಬೆಂಗಳೂರಿನಿಂದ ವಿಮಾನ ಹತ್ತುವವರಿಗೆ ಮನೆಮಂದಿ, ಸ್ನೇಹಿತರು, ಕ್ಯಾಬ್ ಚಾಲಕರು ಎಲ್ಲರೂ ಹೇಳುವ ಮಾತು ಒಂದೇ: ಎರಡು ಗಂಟೆ ಮುಂಚೆ ಅಲ್ಲಿರಬೇಕು. ಆದರೆ ಜಯನಗರದಲ್ಲೋ ಬನಶಂಕರಿಯಲ್ಲೋ ಇರುವವರಿಗೆ ಬೇಕಾದ ಉತ್ತರ ಅದಲ್ಲ. ಅವರಿಗೆ ಗೊತ್ತಾಗಬೇಕಾದದ್ದು ಮನೆ ಬಾಗಿಲಿಗೆ ಬೀಗ ಹಾಕುವುದು ಎಷ್ಟು ಗಂಟೆಗೆ ಎಂಬುದು. ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಂದಿನಿಂದ ಊರಿನ ದಕ್ಷಿಣ ಭಾಗದವರಿಗೆ ಇದು ಪ್ರತಿ ಪ್ರಯಾಣದ ಲೆಕ್ಕ. ಅದಕ್ಕೆ ಮುಂಚೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಈಗ ಊರು ದಾಟಿ ನಲವತ್ತು ಕಿಲೋಮೀಟರ್ ಆಸುಪಾಸು ಹೋಗಬೇಕು.

ಲೆಕ್ಕ ಶುರುವಾಗಬೇಕಾದದ್ದು ವಿಮಾನ ಹೊರಡುವ ಹೊತ್ತಿನಿಂದಲ್ಲ. ಟಿಕೆಟ್ ಮೇಲೆ ಅಚ್ಚಾಗಿರುವ ಸಮಯಕ್ಕೆ ವಿಮಾನದ ಬಾಗಿಲು ಮುಚ್ಚಿ ಬಹಳ ಹೊತ್ತಾಗಿರುತ್ತದೆ. ಪ್ರಯಾಣಿಕರ ಪಾಲಿಗೆ ನಿಜವಾದ ಗಡುವುಗಳು ಎರಡು. ದೇಶದೊಳಗಿನ ಹಾರಾಟಗಳಲ್ಲಿ ಲಗೇಜ್ ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತದೆ. ಬೋರ್ಡಿಂಗ್ ಗೇಟ್ ಮುಚ್ಚುವುದು ಸುಮಾರು 25 ನಿಮಿಷ ಮುಂಚೆ. ಕಂಪನಿಯಿಂದ ಕಂಪನಿಗೆ ಇದರಲ್ಲಿ ತುಸು ವ್ಯತ್ಯಾಸ ಇರುವುದರಿಂದ ಟಿಕೆಟ್ ನೋಡಿಕೊಳ್ಳಬೇಕು. ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿಕೊಂಡಿದ್ದೇವೆ, ನಿಧಾನ ಹೋದರೂ ನಡೆಯುತ್ತದೆ ಎಂದುಕೊಳ್ಳುವವರು ಎಡವುವುದು ಇಲ್ಲೇ. ಬೋರ್ಡಿಂಗ್ ಪಾಸ್ ಫೋನಿನಲ್ಲಿ ಇರಬಹುದು, ಆದರೆ ಸೂಟ್‌ಕೇಸ್ ಒಪ್ಪಿಸುವುದಿದ್ದರೆ ಆ 60 ನಿಮಿಷದ ಗಡುವು ಅವರಿಗೂ ತಪ್ಪಿದ್ದಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ಜಯನಗರ ನಾಲ್ಕನೇ ಬ್ಲಾಕಿನ ದಂಪತಿ ಶುಕ್ರವಾರ ಸಂಜೆ 8.10ರ ವಿಮಾನದಲ್ಲಿ ದೆಹಲಿಗೆ ಹೊರಟಿದ್ದಾರೆ, ಜೊತೆಗೆ ಒಪ್ಪಿಸಬೇಕಾದ ದೊಡ್ಡ ಸೂಟ್‌ಕೇಸ್ ಒಂದಿದೆ. ಕೌಂಟರ್ ಮುಚ್ಚುವುದು 7.10ಕ್ಕೆ, ಗೇಟ್ 7.45ಕ್ಕೆ. ಸದ್ಯಕ್ಕೆ 8.10 ಎಂಬ ಅಂಕಿಯನ್ನು ಮರೆತುಬಿಡಬಹುದು.

ಈಗ ದಾರಿ. ಮೇಖ್ರಿ ಸರ್ಕಲ್ ದಾಟಿ, ಹೆಬ್ಬಾಳ ಫ್ಲೈಓವರ್ ಹತ್ತಿ, ಯಲಹಂಕದ ಪಕ್ಕದಲ್ಲಿ ಸಾಗಿ, ಸಾದಹಳ್ಳಿ ಟೋಲ್ ಕಡೆಗೆ ಹೋಗುವ ದಾರಿಯಲ್ಲಿ ಸಂಜೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರೆ ಯಾರಾದರೂ ಒಂದು ಅಂಕಿ ಹೇಳುತ್ತಾರೆ. ಬೇಕಾಗಿರುವುದು ಎರಡು: ಮಾಮೂಲಿ ದಿನ ಎಷ್ಟು, ಇಪ್ಪತ್ತು ಸಲ ಹೋದರೆ ಒಂದು ಸಲ ಎದುರಾಗುವ ಕೆಟ್ಟ ದಿನ ಎಷ್ಟು. ಗೂಗಲ್ ಮ್ಯಾಪ್ಸ್‌ನಲ್ಲಿ ಹೊರಡುವ ಕ್ಷಣಕ್ಕೆ ತೋರುವ ಒಂಟಿ ಅಂಕಿ ಆ ಹೊತ್ತಿನ ಟ್ರಾಫಿಕ್ ಆಧರಿಸಿದ್ದು. ಮುಂಚಿನ ದಿನವೇ “Arrive by” ಆಯ್ಕೆಯಲ್ಲಿ ತಲುಪಬೇಕಾದ ಸಮಯ ಕೊಟ್ಟು ನೋಡಿದರೆ ಇಷ್ಟರಿಂದ ಇಷ್ಟು ಎಂದು ಎರಡು ತುದಿಗಳನ್ನು ತೋರಿಸುತ್ತದೆ. ಅವೆರಡರ ನಡುವಿನ ಅಂತರ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ನಮ್ಮ ದಂಪತಿಗೆ ಮಾಮೂಲಿ 85 ನಿಮಿಷ, ಕೆಟ್ಟ ದಿನ 130 ನಿಮಿಷ ಎಂದಿಟ್ಟುಕೊಳ್ಳೋಣ. ಹೆಬ್ಬಾಳದ ಹತ್ತಿರ ಒಂದು ಲಾರಿ ಕೆಟ್ಟು ನಿಂತರೆ ಇಷ್ಟು ವ್ಯತ್ಯಾಸವಾಗುವುದು ದೊಡ್ಡ ಮಾತಲ್ಲ.

ಉಳಿದ ಹಂತಗಳಿಗೂ ಹೀಗೇ ಎರಡೆರಡು ಅಂಕಿ ಬೇಕು. ಕ್ಯಾಬ್ ಬಂದು ನಿಲ್ಲಲು ಮಾಮೂಲಿ 7 ನಿಮಿಷ, ಮೊದಲು ಒಪ್ಪಿಕೊಂಡವನು ರದ್ದು ಮಾಡಿದರೆ 20. ಟರ್ಮಿನಲ್ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಹೋಗಲು 5, ಜನ ಹೆಚ್ಚಿದ್ದರೆ 15. ಸೂಟ್‌ಕೇಸ್ ಒಪ್ಪಿಸಲು 12, ಸಾಲು ಉದ್ದವಿದ್ದರೆ 30.

ಮಾಮೂಲಿ ಅಂಕಿಗಳನ್ನು ಮಾತ್ರ ಕೂಡಿದರೆ 109 ನಿಮಿಷ, ಅಂದರೆ 5.21ಕ್ಕೆ ಹೊರಟರೆ ಸಾಕು ಎನ್ನಿಸುತ್ತದೆ. ಹಾಗೆ ಹೊರಟವರಿಗೆ ಕೌಂಟರ್ ಸಿಗುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧ. ಹೆದರಿ ಎಲ್ಲ ಕೆಟ್ಟ ಅಂಕಿಗಳನ್ನೂ ಕೂಡಿದರೆ 195 ನಿಮಿಷವಾಗಿ, 3.55ಕ್ಕೇ ಮನೆ ಬಿಡಬೇಕಾಗುತ್ತದೆ. ಇದೂ ಸರಿಯಲ್ಲ. ಕ್ಯಾಬ್ ಕೈಕೊಟ್ಟ ದಿನವೇ ಹೆಬ್ಬಾಳದಲ್ಲಿ ಲಾರಿ ನಿಂತು, ಅದೇ ದಿನ ಬಾಗಿಲಲ್ಲೂ ಕೌಂಟರಿನಲ್ಲೂ ಸಾಲು ಬೆಳೆಯುವುದು ಬಹಳ ಅಪರೂಪ. ಒಂದು ಹಂತದಲ್ಲಿ ಕಳೆದುಕೊಂಡ ಹೊತ್ತಿನಲ್ಲಿ ಅಷ್ಟಿಷ್ಟು ಇನ್ನೊಂದರಲ್ಲಿ ಉಳಿಯುತ್ತದೆ.

ಇವೆರಡರ ನಡುವಿನ ದಾರಿ ಸಂಖ್ಯಾಶಾಸ್ತ್ರದಲ್ಲಿ ಹಳೆಯದು, ಶಾಲೆಯ ಗಣಿತ ಬಂದರೆ ಸಾಕು. ಪ್ರತಿ ಹಂತದಲ್ಲಿ ಕೆಟ್ಟ ದಿನ ಮಾಮೂಲಿಗಿಂತ ಎಷ್ಟು ಹೆಚ್ಚು ಹಿಡಿಯುತ್ತದೆ ಎಂದು ಬರೆದುಕೊಳ್ಳಬೇಕು: ಕ್ಯಾಬಿಗೆ 13, ರಸ್ತೆಗೆ 45, ಬಾಗಿಲಿಗೆ 10, ಸೂಟ್‌ಕೇಸಿಗೆ 18. ಒಂದೊಂದನ್ನೂ ಅದರಿಂದಲೇ ಗುಣಿಸಿ, ಬಂದದ್ದನ್ನು ಕೂಡಿದರೆ 2,618. ಅದರ ವರ್ಗಮೂಲ ಸುಮಾರು 51. ಮಾಮೂಲಿ 109ಕ್ಕೆ ಈ 51 ಸೇರಿಸಿದರೆ 160 ನಿಮಿಷ. 7.10ರಿಂದ ಹಿಂದಕ್ಕೆ ಎಣಿಸಿದರೆ ಸರಿಯಾಗಿ 4.30. ಹೀಗೆ ಹೊರಟರೆ ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲದಷ್ಟು ಕೌಂಟರ್ ಸಿಗುತ್ತದೆ.

ಈ 51ರ ಒಳಗನ್ನು ಇನ್ನೊಮ್ಮೆ ನೋಡಬೇಕು. ರಸ್ತೆಯೊಂದರ ಹೆಚ್ಚುವರಿಯೇ 45. ಉಳಿದ ಮೂರು ಹಂತಗಳ 41 ನಿಮಿಷ ಸೇರಿದ ಮೇಲೆ ಬೆಳೆದದ್ದು ಬರೀ ಆರು ನಿಮಿಷ. ಆದ್ದರಿಂದ ಕ್ಯಾಬಿಗೆ ಒಂದು ಕಾಲು ಗಂಟೆ, ಸಾಲಿಗೆ ಒಂದು ಕಾಲು ಗಂಟೆ, ರಸ್ತೆಗೆ ಒಂದು ಗಂಟೆ ಎಂದು ಹಂತಹಂತಕ್ಕೂ ಗಂಟು ಕಟ್ಟುವ ಅಭ್ಯಾಸದಲ್ಲಿ ಸಮಯ ಸುಮ್ಮನೆ ಸೋರುತ್ತದೆ. ಎಲ್ಲಕ್ಕಿಂತ ಏರುಪೇರಾಗುವ ಹಂತಕ್ಕೆ ಪೂರ್ತಿ ಮೀಸಲು ಇಟ್ಟು, ಮಿಕ್ಕವುಗಳಿಗೆ ಒಂದಿಷ್ಟು ಸೇರಿಸಿದರೆ ಉತ್ತರ ಹತ್ತಿರಹತ್ತಿರ ಬಂದೇಬಿಡುತ್ತದೆ.

ಎರಡನೇ ಗಡುವನ್ನೂ ಪರೀಕ್ಷಿಸದೆ ಬಿಡುವಂತಿಲ್ಲ. ಸೆಕ್ಯುರಿಟಿ ಚೆಕ್‌ಗೆ ಮಾಮೂಲಿ 15 ನಿಮಿಷ, ಕೆಟ್ಟ ದಿನ 40. ಅಲ್ಲಿಂದ ಗೇಟ್‌ವರೆಗೆ ನಡೆಯಲು 8, ಹೆಚ್ಚೆಂದರೆ 12. ಇವನ್ನೂ ಸೇರಿಸಿ ಅದೇ ರೀತಿ ಲೆಕ್ಕ ಹಾಕಿದರೆ 189 ನಿಮಿಷ, 7.45ರಿಂದ ಹಿಂದಕ್ಕೆ ಎಣಿಸಿದರೆ 4.36. ಎರಡರಲ್ಲಿ ಮುಂಚಿನದು 4.30, ಹಾಗಾಗಿ ಅದೇ ಉತ್ತರ. ಇದೇ ದಂಪತಿ ಸೂಟ್‌ಕೇಸ್ ಬಿಟ್ಟು ಕೈಚೀಲ ಮಾತ್ರ ಹಿಡಿದರೆ ಮೊದಲನೇ ಗಡುವು ಇಲ್ಲವೇ ಇಲ್ಲ. ಆಗ 4.51ರವರೆಗೆ ಮನೆಯಲ್ಲಿರಬಹುದು. ಸೂಟ್‌ಕೇಸಿನ ಬೆಲೆ ಸುಮಾರು ಇಪ್ಪತ್ತು ನಿಮಿಷ.

ಸೆಕ್ಯುರಿಟಿ ಸಾಲಿನಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ಸಾಲಿನ ಉದ್ದದಿಂದ ಎಂದು ಜನ ತಿಳಿದಿದ್ದಾರೆ. ಹತ್ತಿರ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಎಕ್ಸ್-ರೇ ಯಂತ್ರದಿಂದ ಹೊರಬಂದ ಟ್ರೇಗಳಲ್ಲಿ ಕೆಲವು ನೇರ ಬರುತ್ತವೆ, ಕೆಲವು ಪಕ್ಕದ ಸಾಲಿಗೆ ಸರಿಯುತ್ತವೆ. ಪಕ್ಕಕ್ಕೆ ಸರಿದ ಬ್ಯಾಗಿನ ಒಡೆಯ ತನ್ನ ಸರದಿಗೆ ಕಾದು, ಸಿಬ್ಬಂದಿಯ ಎದುರು ಬ್ಯಾಗ್ ಬಿಚ್ಚಿ, ಮತ್ತೆ ಯಂತ್ರಕ್ಕೆ ಹಾಕಿಸಿಕೊಳ್ಳಬೇಕು. ಸಾಲಿನಲ್ಲಿ ನಿಂತಷ್ಟೇ ಹೊತ್ತು ಇಲ್ಲೂ ಹೋಗಬಹುದು. ಬ್ಯಾಗಿನೊಳಗೇ ಉಳಿದ ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಮಗಳ ಮನೆಗೆಂದು ತುಂಬಿದ ತುಪ್ಪದ ಡಬ್ಬಿ, ಉಪ್ಪಿನಕಾಯಿ ಬಾಟಲಿ ಇದ್ದರೆ ಬಿಚ್ಚಿಸುವ ಸಂಭವ ಹೆಚ್ಚು. ಪವರ್ ಬ್ಯಾಂಕನ್ನು ಒಪ್ಪಿಸುವ ಸೂಟ್‌ಕೇಸಿನಲ್ಲಿ ಇಡುವುದಂತೂ ನಿಷಿದ್ಧ. ಇಟ್ಟರೆ ಸಾಮಾನು ತಪಾಸಣೆಯಲ್ಲಿ ಸಿಕ್ಕಿ, ಮಾಲೀಕರಿಗೆ ವಾಪಸ್ ಕರೆ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದ ಡಿಜಿಯಾತ್ರಾ ಮುಖ ನೋಡಿ ಬಾಗಿಲು ತೆರೆಯುತ್ತದೆ, ಅಲ್ಲಿ ಕೆಲವು ನಿಮಿಷ ಉಳಿಯುತ್ತದೆ. ಆದರೆ ಬ್ಯಾಗಿನ ತಪಾಸಣೆ ಅದರಿಂದ ಬೇಗ ಮುಗಿಯುವುದಿಲ್ಲ.

ವರ್ಗಮೂಲದ ಲೆಕ್ಕ ಕೈಕೊಡುವ ದಿನಗಳೂ ಇವೆ. ಹಂತಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಜೋರು ಮಳೆ ಬಂದರೆ ಕ್ಯಾಬ್ ಸಿಗುವುದೂ ಕಷ್ಟ, ರಸ್ತೆಯೂ ನಿಧಾನ. ದೀಪಾವಳಿಯ ಹಿಂದಿನ ಸಂಜೆ, ಮೂರು ದಿನ ಸಾಲು ರಜೆ ಬಂದ ಶುಕ್ರವಾರ, ರಸ್ತೆ ತುಂಬಿಸುವ ಜನವೇ ಕೌಂಟರಿನ ಸಾಲನ್ನೂ ತುಂಬಿಸುತ್ತಾರೆ. ಎಲ್ಲ ಹಂತಗಳೂ ಒಟ್ಟಿಗೆ ಕೆಡುವ ಇಂಥ ದಿನ ಉತ್ತರ 4.30ರಿಂದ ಸರಿದು 3.55ರ ಕಡೆಗೆ ಹೋಗುತ್ತದೆ. ಅಂದು ಪೂರ್ತಿ ಕೂಡುವುದೇ ಸರಿ.

ಮುಂಜಾನೆಯ ವಿಮಾನಗಳಲ್ಲಿ ಚಿತ್ರ ಪೂರ್ತಿ ತಿರುಗುತ್ತದೆ. ಬೆಳಗ್ಗೆ 6.15ರ ವಿಮಾನಕ್ಕೆ ಹೋಗುವವರಿಗೆ ಹೆಬ್ಬಾಳ ಖಾಲಿ. ಅದೇ ಜಯನಗರದಿಂದ 60 ನಿಮಿಷ, ಹೆಚ್ಚೆಂದರೆ 75. ಆದರೆ ಆ ಹೊತ್ತಿಗೆ ಹೊರಡುವ ವಿಮಾನಗಳು ಒತ್ತೊತ್ತಾಗಿರುವುದರಿಂದ ಏರುಪೇರು ರಸ್ತೆಯಿಂದ ಟರ್ಮಿನಲ್ಲಿಗೆ ಸ್ಥಳಾಂತರವಾಗುತ್ತದೆ. ಬಾಗಿಲಲ್ಲಿ 8ರಿಂದ 25 ನಿಮಿಷ, ಸೂಟ್‌ಕೇಸಿಗೆ 20ರಿಂದ 45, ಸೆಕ್ಯುರಿಟಿಗೆ 25ರಿಂದ 50 ಎಂದು ಹಿಡಿದು, ಕ್ಯಾಬಿಗೂ ನಡಿಗೆಗೂ ಹಿಂದಿನ ಅಂಕಿಗಳನ್ನೇ ಇಟ್ಟುಕೊಂಡರೆ, 5.15ರ ಕೌಂಟರಿಗೆ 3.04ಕ್ಕೆ ಹೊರಡಬೇಕು. 5.50ರ ಗೇಟಿಗೆ 2.58ಕ್ಕೇ ಹೊರಡಬೇಕು! ಸಂಜೆ ಕೌಂಟರ್ ಮುಖ್ಯವಾಗಿತ್ತು, ಈಗ ಗೇಟ್ ಮುಖ್ಯವಾಯಿತು. ಕೌಂಟರ್ ಸಿಕ್ಕಿತು, ಇನ್ನೇನು ಚಿಂತೆ ಎಂದು ಮುಂಜಾನೆ ಕಾಫಿ ಅಂಗಡಿಯ ಮುಂದೆ ನಿಂತವರೇ ಸೆಕ್ಯುರಿಟಿ ಸಾಲಿನಲ್ಲಿ ಚಡಪಡಿಸುತ್ತಾರೆ.

ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದು ಎಂದು ನೋಡಿಕೊಳ್ಳುವುದೂ ಇದೇ ಲೆಕ್ಕದ ಭಾಗ. 2023ರಿಂದ ಎರಡನೇ ಟರ್ಮಿನಲ್ ಬಳಕೆಗೆ ಬಂದಿದೆ, ವಿದೇಶಿ ಹಾರಾಟಗಳೂ ಆ ವರ್ಷವೇ ಅಲ್ಲಿಗೆ ಹೋದವು. ತಪ್ಪು ಟರ್ಮಿನಲ್ಲಿನ ಮುಂದೆ ಇಳಿದರೆ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜೋಪಾನ ಮಾಡಿದ ಮೀಸಲೆಲ್ಲ ಕರಗುತ್ತದೆ.

ಇನ್ನು ಇಪ್ಪತ್ತರಲ್ಲಿ ಒಂದು ಸಲ ತಪ್ಪಿದರೂ ಸರಿ ಎಂಬ ಅಳತೆ ಎಲ್ಲರಿಗೂ ಒಪ್ಪುವಂಥದ್ದೇ? 1982ರಲ್ಲಿ ನೊಬೆಲ್ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಅವರ ಹೆಸರಿನಲ್ಲಿ ಒಂದು ವಾದ ಪ್ರಸಿದ್ಧವಾಗಿದೆ: ಜೀವನದಲ್ಲಿ ಒಂದು ವಿಮಾನವನ್ನೂ ತಪ್ಪಿಸಿಕೊಳ್ಳದವರು ನಿಲ್ದಾಣಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಳೆದಿರುತ್ತಾರೆ ಎಂದು. ವಾರವಾರ ಮುಂಬೈಗೆ ಹೋಗಿಬರುವ, ಒಂದು ತಪ್ಪಿದರೆ ಗಂಟೆಯೊಳಗೆ ಇನ್ನೊಂದು ವಿಮಾನ ಸಿಗುವ ಉದ್ಯೋಗಿಗೆ ಇದು ನಿಜ. ಅವರು ಹತ್ತರಲ್ಲಿ ಒಂದು ಎಂದು ಇಟ್ಟುಕೊಂಡು ತಡವಾಗಿ ಹೊರಟರೂ ಲಾಭವೇ. ತಮ್ಮನ ಮದುವೆಗೆಂದು ದಿನದ ಕೊನೆಯ ವಿಮಾನ ಹಿಡಿಯಬೇಕಾದವರು, ದೆಹಲಿಯಿಂದ ಬೇರೆ ಟಿಕೆಟ್‌ನಲ್ಲಿ ಅಮೆರಿಕಕ್ಕೆ ಹೋಗಬೇಕಾದವರು ಕೆಟ್ಟ ದಿನದ ಅಂಕಿಯನ್ನೇ ಬದಲಾಯಿಸಿಕೊಳ್ಳಬೇಕು. ರಸ್ತೆಗೆ 130ರ ಬದಲು 160 ಎಂದು ಹಿಡಿದು ಅದೇ ಲೆಕ್ಕ ಮಾಡಿದರೆ ಜಯನಗರದ ಮನೆಗೆ ಬೀಗ ಬೀಳುವುದು ನಾಲ್ಕು ಗಂಟೆ ಹೊಡೆದು ಎರಡು ಮೂರು ನಿಮಿಷಕ್ಕೆ. ಮದುವೆ ಮನೆಗೆ ಹೊರಟವರಿಗೆ ಆ ಹೆಚ್ಚಿನ ಅರ್ಧ ಗಂಟೆ ದುಬಾರಿಯೇನಲ್ಲ.