ನಾಲ್ಕಿಂಚಿನ ಪೈಪಿಗೆ ಎರಡಿಂಚಿನವು ಎಷ್ಟು?

ನಾಲ್ಕಿಂಚಿನ ಒಂದು ಪೈಪಿಗೆ ಎರಡಿಂಚಿನ ಎಷ್ಟು ಪೈಪು ಸಮ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ತರಗತಿಯಲ್ಲಿ ಕೇಳಿ, ಥಟ್ಟನೆ ಬರುವ ಉತ್ತರ ಎರಡು. ಬಾಯಿಯ ವಿಸ್ತೀರ್ಣ ನೋಡಿದರೆ ಬೇಕಾಗುವುದು ನಾಲ್ಕು. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ, ಅಷ್ಟೇ ನೀರು ಅದರೊಳಗೆ ನುಗ್ಗಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು.

ಒಂದು ಲೆಕ್ಕ ಹಾಕೋಣ. 10 ಸೆಂ.ಮೀ. ವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ 10 ಲೀಟರ್ ನೀರು. ಪ್ರೆಶರ್ ಗೇಜಿನ ಮುಳ್ಳು ಚದರ ಸೆಂಟಿಮೀಟರಿಗೆ 2 ಕೆಜಿ ತೋರಿಸುತ್ತಿದೆ. ಮುಂದೆ ಪೈಪು 3 ಮೀಟರ್ ಮೇಲೇರಿ 5 ಸೆಂ.ಮೀ.ಗೆ ಕಿರಿದಾಗುತ್ತದೆ. ಅಲ್ಲಿ ಒತ್ತಡ ಎಷ್ಟು?

ಪಂಪಿನವರು ‘ಹೆಡ್’ ಅನ್ನುತ್ತಾರಲ್ಲ, ಶಕ್ತಿಯ ಸಮೀಕರಣದ ಭಾಷೆಯೂ ಅದೇ. ಒತ್ತಡ, ವೇಗ, ಎತ್ತರ ಮೂರನ್ನೂ ನೀರಿನ ಮೀಟರಿನಲ್ಲಿ ಅಳೆದು ಕೂಡುವುದು:

P/ρg + V²/2g + z

ಗೇಜಿನ 2 ಕೆಜಿ ಎಂದರೆ 20 ಮೀಟರ್ ನೀರು. ದಪ್ಪ ಪೈಪಿನಲ್ಲಿ ವೇಗ ಸೆಕೆಂಡಿಗೆ 1.27 ಮೀಟರ್, ಅದರ ಹೆಡ್ 0.08 ಮೀಟರ್ ಮಾತ್ರ. ಸಣ್ಣದರಲ್ಲಿ ವೇಗ 5.09, ಹೆಡ್ 1.32. ವೇಗ ನಾಲ್ಕು ಪಟ್ಟಾದರೆ ಅದರ ಹೆಡ್ ಹದಿನಾರು ಪಟ್ಟು! ಹೀಗೆ ವೇಗಕ್ಕೆ 1.24, ಏರಿಕೆಗೆ 3 ಮೀಟರ್ ಕಳೆದರೆ ಉಳಿಯುವುದು 15.76 ಮೀಟರ್, ಅಂದರೆ ಸುಮಾರು 1.58 ಕೆಜಿ. ವೇಗ ಎರಡೇ ಪಟ್ಟೆಂದು ಹಿಡಿದವರು 1.24ರ ಜಾಗದಲ್ಲಿ 0.25 ಕಳೆದಿರುತ್ತಾರೆ. ಅವರ ಉತ್ತರ ನೋಡಲು ಸರಿಯಾಗಿಯೇ ಇರುವುದರಿಂದ ಈ ತಪ್ಪು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ.

ಅಳತೆಗಳ ಗೊಂದಲ ಹಾಗಲ್ಲ, ಕೂಗಿ ಹೇಳುತ್ತದೆ. 10 ಲೀಟರನ್ನು 1000ದಿಂದ ಭಾಗಿಸಿ ಘನಮೀಟರ್ ಮಾಡಲು ಮರೆತರೆ ದಪ್ಪ ಪೈಪಿನಲ್ಲೇ ನೀರು ಸೆಕೆಂಡಿಗೆ 1273 ಮೀಟರ್ ಓಡುತ್ತದೆ, ಗಾಳಿಯಲ್ಲಿ ಶಬ್ದ ಓಡುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಮನೆಯ ಕೊಳಾಯಿ ಕಂಡವರು ಯಾರೂ ಇದನ್ನು ನಂಬಲಾರರು. ಇನ್ನು ಗೇಜಿನ ಒತ್ತಡವನ್ನು 196 ಕಿಲೋಪಾಸ್ಕಲ್ ಎಂದು ಬರೆದುಕೊಂಡು, ವೇಗದ ಪಾಲು 12,160 ಪಾಸ್ಕಲನ್ನು ಹಾಗೇ ಅದರಿಂದ ಕಳೆದವರನ್ನೂ ಕಂಡಿದ್ದೇನೆ. ಬರುವುದು ಸುಮಾರು ಮೈನಸ್ 12 ಸಾವಿರ ಕಿಲೋಪಾಸ್ಕಲ್. ಪೂರ್ತಿ ನಿರ್ವಾತವಾದರೂ ಗೇಜು ಮೈನಸ್ 101ರ ಸುಮಾರಿಗೆ ನಿಲ್ಲಬೇಕು. ಕ್ಯಾಲ್ಕುಲೇಟರಿಗೆ ಅದು ಗೊತ್ತಿಲ್ಲ ನೋಡಿ.

ನಮ್ಮ 15.76 ಕೂಡ ಪೂರ್ತಿ ನಿಜವಲ್ಲ. ಪೈಪು ಒಮ್ಮೆಲೇ ಕಿರಿದಾದರೆ ಅಲ್ಲಿ ಸುಳಿ ಎದ್ದು ಇನ್ನೊಂದು ಅರ್ಧ ಮೀಟರಿನಷ್ಟು ಹೆಡ್ ಹೋಗುತ್ತದೆ, ಒಳಗೋಡೆಯ ಘರ್ಷಣೆ ಬೇರೆ. ಮುಂದೆ ಮತ್ತೆ 10 ಸೆಂ.ಮೀ.ಗೆ ಥಟ್ಟನೆ ಅಗಲವಾದರೆ ನೀರು ನಿಧಾನವಾಗಿ ಒತ್ತಡ ಏರುತ್ತದೆ, ನಿಜ. ಆದರೆ ವೇಗಕ್ಕೆಂದು ಕೊಟ್ಟಿದ್ದ 1.24 ಮೀಟರಿನಲ್ಲಿ ಮರಳುವುದು ಅರ್ಧ ಮೀಟರಷ್ಟೆ. ಮಿಕ್ಕ 0.74 ಮೀಟರು ಸುಳಿಯಲ್ಲಿ ಕರಗಿ ನೀರನ್ನು ಕೈಗೆ ತಿಳಿಯದಷ್ಟು ಬಿಸಿ ಮಾಡಿರುತ್ತದೆ.