ಕೆಲಸಕ್ಕೆ ಸೇರುವ ಮುನ್ನ ಬರುವ ಇ-ಮೇಲ್: ಏನು ನೋಡಬೇಕು, ಯಾರನ್ನು ಕೇಳಬೇಕು?

ಹೊಸೂರು: ಕೆಲಸ ಸಿಕ್ಕಿದೆ, ಆಫರ್ ಲೆಟರ್‌ಗೆ ಒಪ್ಪಿಗೆಯೂ ಕಳುಹಿಸಿದ್ದಾಗಿದೆ. ಸೇರುವ ದಿನಕ್ಕೆ ಕೆಲವು ದಿನ ಮೊದಲು ಅನೇಕ ಕಂಪನಿಗಳು ಸ್ವಾಗತದ ಇ-ಮೇಲ್ ಕಳುಹಿಸುತ್ತವೆ. ಹೆಚ್ಚಿನವರು ಅದರಲ್ಲಿ ದಿನಾಂಕವನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ಆದರೆ ಅದರಲ್ಲಿ ಮುಖ್ಯವಾದದ್ದು ದಾಖಲೆಗಳ ಪಟ್ಟಿ ಮತ್ತು ಸಂಪರ್ಕಿಸಬೇಕಾದವರ ಹೆಸರು.

ಮೊದಲು ವಿಳಾಸ ನೋಡಿ. ಕಚೇರಿ ಒಂದೂರಿನಲ್ಲಿ, ಕಾರ್ಖಾನೆ ಇನ್ನೊಂದೂರಿನಲ್ಲಿ ಇರಬಹುದು. ನೀವು ಹೋಗಬೇಕಾದ್ದು ಎಲ್ಲಿಗೆ, ಯಾವ ಗೇಟಿಗೆ, ಎಷ್ಟು ಗಂಟೆಗೆ, ಸೆಕ್ಯೂರಿಟಿಯವರ ಬಳಿ ಯಾರ ಹೆಸರು ಹೇಳಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ.

ನಂತರ ದಾಖಲೆಗಳು. ಗಡಿನಾಡಿನ ನಮ್ಮವರಿಗೆ ತೊಡಕಾಗುವುದು ಇಲ್ಲೇ. ಮಂಜುನಾಥ ಎಂಬ ಯುವಕನ ತಂದೆಯ ಹೆಸರು ರಾಮಪ್ಪ ಎಂದಿಟ್ಟುಕೊಳ್ಳಿ. ತಮಿಳುನಾಡಿನ ಅಂಕಪಟ್ಟಿಯಲ್ಲಿ ಅವನು 'ಮಂಜುನಾಥ್ ಆರ್'. ಪ್ಯಾನ್ ಕಾರ್ಡಿನಲ್ಲಿ ಕೊನೆಯ ಹೆಸರನ್ನು ಇನಿಷಿಯಲ್ ಆಗಿ ಕೊಡುವಂತಿಲ್ಲವಾದ್ದರಿಂದ 'ಮಂಜುನಾಥ್ ರಾಮಪ್ಪ'. ಆಧಾರ್‌ನಲ್ಲಿ ಬರೀ 'ಮಂಜುನಾಥ'. ಮೂರೂ ಒಬ್ಬನದೇ ಆದರೂ ಕಂಪ್ಯೂಟರ್ ಹಾಗೆ ತಿಳಿಯುವುದಿಲ್ಲ. ಭವಿಷ್ಯ ನಿಧಿ ಖಾತೆಯಲ್ಲಿ ಆಧಾರ್, ಪ್ಯಾನ್ ಹೆಸರು ತಾಳೆಯಾಗದಿದ್ದರೆ ಮುಂದೆ ಹಣ ತೆಗೆಯುವಾಗ ತೊಂದರೆ.

ಭವಿಷ್ಯ ನಿಧಿಗೆ 12 ಅಂಕಿಗಳ ಯು.ಎ.ಎನ್. ಸಂಖ್ಯೆ ಬೇಕು. ಹೊಸಬರು ಇದನ್ನು ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಪಡೆಯುವ ವ್ಯವಸ್ಥೆ 2025ರಲ್ಲಿ ಬಂದಿದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಈ ಹಿಂದೆ ಎಲ್ಲಾದರೂ ಕೆಲಸ ಮಾಡಿ ಸಂಖ್ಯೆ ಪಡೆದಿದ್ದರೆ ಅದನ್ನೇ ಕೊಡಿ, ಎರಡನೆಯದು ಮಾಡಿಸಬೇಡಿ.

ಹೆಸರಿನಲ್ಲಿ ವ್ಯತ್ಯಾಸ ಕಂಡರೆ ಮೊದಲ ದಿನದವರೆಗೆ ಕಾಯಬೇಡಿ. ಇ-ಮೇಲ್‌ನಲ್ಲಿ ಹೆಸರಿರುವ ಎಚ್.ಆರ್. ಸಿಬ್ಬಂದಿಗೆ ಆಗಲೇ ಉತ್ತರ ಬರೆಯಿರಿ. ಹೀಗೆ ಬರೆದರೆ ಸಾಕು:

"ಸೋಮವಾರ ಬೆಳಿಗ್ಗೆ 9ಕ್ಕೆ ಬರುತ್ತೇನೆ. ನನ್ನ ಹೆಸರು ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್ ಮತ್ತು ಪ್ಯಾನ್‌ನಲ್ಲಿ ಬೇರೆ ರೀತಿ ಇದೆ. ಮೂರರ ಪ್ರತಿಯನ್ನೂ ಲಗತ್ತಿಸಿದ್ದೇನೆ. ನಿಮ್ಮ ದಾಖಲೆಯಲ್ಲಿ ಯಾವ ಹೆಸರು ಇರಬೇಕು, ಯಾವುದನ್ನು ತಿದ್ದಿಸಬೇಕು ದಯವಿಟ್ಟು ತಿಳಿಸಿ."

ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆದರಾಯಿತು. ತಿದ್ದುಪಡಿಗೆ ಸಮಯ ಹಿಡಿಯಬಹುದು. ಆದರೆ ಮೊದಲೇ ತಿಳಿಸಿದ್ದರೆ ಸೇರುವ ದಿನ ಗೇಟಿನಲ್ಲಿ ವಿವರಣೆ ಕೊಡುವ ಪ್ರಮೇಯ ಬರುವುದಿಲ್ಲ. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ವಾಪಸು ತನ್ನಿ. ಅವರೇ ಇಟ್ಟುಕೊಳ್ಳುತ್ತೇವೆ ಎಂದರೆ ಕಾರಣ ಕೇಳಿ, ಲಿಖಿತ ರಸೀದಿ ಪಡೆಯಿರಿ.

ಕೊನೆಯದಾಗಿ ಒಂದು ಎಚ್ಚರಿಕೆ. ಸಮವಸ್ತ್ರಕ್ಕೆ, ತರಬೇತಿಗೆ ಅಥವಾ ಠೇವಣಿಗೆಂದು ಮುಂಗಡ ಹಣ ಕೇಳುವ ಇ-ಮೇಲ್ ಬಂದರೆ ಅದು ಮೋಸದ್ದಿರಬಹುದು. ಕಳುಹಿಸಿದವರ ವಿಳಾಸದಲ್ಲಿ @ ಗುರುತಿನ ನಂತರ ಇರುವುದು ಕಂಪನಿಯ ವೆಬ್‌ಸೈಟ್ ಹೆಸರೇ ಎಂದು ಪರಿಶೀಲಿಸಿ. ಅನುಮಾನ ಬಂದರೆ ಇ-ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಬೇಡ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಕರೆ ಮಾಡಿ ವಿಚಾರಿಸಿ.